ಐದು ಮನೆಗೆ ಕಂಪನಿ ಯಾಕೆ, ಮೇಷ್ಟ್ರೇ?

*ಮಾನ್ಯ ಸಂಪಾದಕರಿಗೆ ನಮಸ್ಕಾರ. ನಾನು ಮೈಸೂರಿನಲ್ಲಿರುವ ನಿವೃತ್ತ ಗಣಿತ ಶಿಕ್ಷಕ. ಬೆಂಗಳೂರಿನ ನಾಗರಬಾವಿಯಲ್ಲಿ 40×60 ಸೈಟಿನಲ್ಲಿ ಐದು ಬಾಡಿಗೆ ಮನೆಗಳಿವೆ, ಒಂದೊಂದಕ್ಕೆ 18,000 ರೂಪಾಯಿ ಬರುತ್ತದೆ. ಇಷ್ಟು ದಿನ ನೋಡಿಕೊಳ್ಳುತ್ತಿದ್ದ ತಮ್ಮ ಈಗ ಬೇರೆ ಊರಿಗೆ ಹೋದ. ಒಂದು ಕಂಪನಿಯವರು ಬಾಡಿಗೆಯ ಶೇ 8ಕ್ಕೆ ಎಲ್ಲ ನೋಡಿಕೊಳ್ಳುತ್ತೇವೆ ಎನ್ನುತ್ತಿದ್ದಾರೆ. ಹೊಸಬರನ್ನು ಕರೆತಂದರೆ ಅರ್ಧ ತಿಂಗಳ ಬಾಡಿಗೆ, ರಿಪೇರಿ ಬಿಲ್ಲಿನ ಮೇಲೆ ಶೇ 10, ಎಲ್ಲದಕ್ಕೂ ಜಿಎಸ್‌ಟಿ ಬೇರೆ. ಮಗ "ಕೊಟ್ಟು ನಿಶ್ಚಿಂತೆಯಾಗಿರಿ" ಎನ್ನುತ್ತಾನೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಏನು ಮಾಡಲಿ?*
*— ಓದುಗರು, ಮೈಸೂರು*

ಮೇಷ್ಟ್ರೇ, ನಿಮ್ಮ ಮನಸ್ಸು ಸರಿಯಾಗಿಯೇ ಹೇಳುತ್ತಿದೆ. ಆದರೆ ಗಣಿತದ ಮೇಷ್ಟ್ರಾಗಿ ಲೆಕ್ಕ ಹಾಕದೆ ಮನಸ್ಸಿನ ಮಾತು ಕೇಳುತ್ತಾ ಕೂತಿದ್ದೀರಲ್ಲ, ಅದಕ್ಕೆ ಮಾತ್ರ ನನ್ನದೊಂದು ಸಣ್ಣ ತಕರಾರು. ಆ ಶೇ 8 ಎನ್ನುವುದು ಶೇ 8 ಅಲ್ಲ. ಮೊದಲು ಅದನ್ನು ಬಿಡಿಸೋಣ.

ತಿಂಗಳಿಗೆ 90,000 ಬಾಡಿಗೆಯಾದರೆ ಶೇ 8 ಅಂದರೆ 7,200. ಇದಕ್ಕೆ ಶೇ 18 ಜಿಎಸ್‌ಟಿ ಸೇರಿ 8,496. ವರ್ಷಕ್ಕೆ 1,01,952. ಐದು ಮನೆಗಳಲ್ಲಿ ವರ್ಷಕ್ಕೆ ಎರಡು ಖಾಲಿಯಾಗಿ ಹೊಸಬರು ಬರುತ್ತಾರೆ ಎಂದಿಟ್ಟುಕೊಳ್ಳಿ. ಒಂದೊಂದಕ್ಕೆ ಅರ್ಧ ತಿಂಗಳ ಬಾಡಿಗೆ 9,000, ತೆರಿಗೆ ಸೇರಿ 10,620. ಎರಡಕ್ಕೆ 21,240. ರಿಪೇರಿ, ಪೇಂಟು ಎಲ್ಲ ಸೇರಿ ವರ್ಷಕ್ಕೆ 80,000 ಖರ್ಚು ಬಂದರೆ ಅದರ ಮೇಲಿನ ಶೇ 10 ತೆರಿಗೆ ಸಮೇತ 9,440. ಒಟ್ಟು 1,32,632. ನಿಮಗೆ ಬರುವ 10,80,000ದಲ್ಲಿ ಇದು ಶೇ 12ಕ್ಕೂ ಸ್ವಲ್ಪ ಹೆಚ್ಚು. ಮೆಟ್ಟಿಲು ಗುಡಿಸುವುದು, ಮೋಟಾರ್ ಹಾಕುವುದು, ಸಂಪು ತೊಳೆಸುವುದು ಇದರೊಳಗಿಲ್ಲ. ಯಾರು ನೋಡಿಕೊಂಡರೂ ಆ ಖರ್ಚು ಇದ್ದೇ ಇರುತ್ತದೆ, ಆದ್ದರಿಂದ ಎರಡೂ ಕಡೆಯಿಂದ ಬಿಟ್ಟಿದ್ದೇನೆ.

ಈಗ ನೀವೇ ನೋಡಿಕೊಂಡರೆ ಎಷ್ಟಾಗುತ್ತದೆ? ಅದೇ ಬೀದಿಯಲ್ಲಿರುವ ನಂಬಿಕಸ್ತ ಒಬ್ಬರಿಗೆ ಬೀಗದ ಕೈ ಇಟ್ಟುಕೊಳ್ಳಲು, ಮನೆ ತೋರಿಸಲು, ಪ್ಲಂಬರ್ ಬಂದಾಗ ಜೊತೆಯಲ್ಲಿ ನಿಲ್ಲಲು ತಿಂಗಳಿಗೆ 4,000 ಕೊಡಿ. ವರ್ಷಕ್ಕೆ 48,000 ಆಯಿತು. ಎರಡು ಸಲ ಬ್ರೋಕರ್‌ಗೆ ಅರ್ಧರ್ಧ ತಿಂಗಳು, 18,000. ತಿಂಗಳಿಗೊಮ್ಮೆ ಮೈಸೂರಿನಿಂದ ಬಂದು ಹೋಗುವುದಕ್ಕೆ ವರ್ಷಕ್ಕೆ 12,000. ಒಟ್ಟು 78,000. ವ್ಯತ್ಯಾಸ 54,632 ರೂಪಾಯಿ.

ಕಂಪನಿಯವರು ನಿಮಗೆ ಹೇಳದ, ಬಹುಶಃ ನಿಮ್ಮ ಮಗನಿಗೂ ಹೊಳೆಯದ ಒಂದು ಸಂಗತಿ ಇಲ್ಲಿದೆ. ಮನೆ ಬಾಡಿಗೆಯ ಆದಾಯಕ್ಕೆ ತೆರಿಗೆ ಲೆಕ್ಕ ಹಾಕುವಾಗ, ನೀವು ಕಟ್ಟಿದ ಆಸ್ತಿ ತೆರಿಗೆ ಕಳೆದು ಉಳಿದದ್ದರಲ್ಲಿ ಶೇ 30ನ್ನು ಕಾನೂನೇ ಬಿಟ್ಟುಕೊಡುತ್ತದೆ. ನೀವು ಒಂದು ರೂಪಾಯಿ ಖರ್ಚು ಮಾಡದಿದ್ದರೂ ಶೇ 30, ಐದು ಲಕ್ಷ ಸುರಿದರೂ ಅಷ್ಟೇ. ಕಂಪನಿಯ ಶುಲ್ಕವನ್ನು ಅದರ ಮೇಲೆ ಬೇರೆಯಾಗಿ ಕಳೆಯಲು ಬರುವುದಿಲ್ಲ. ಅಂಗಡಿ ವ್ಯಾಪಾರದಲ್ಲಾದರೆ ಖರ್ಚು ತೋರಿಸಿ ಲಾಭ ಕಡಿಮೆ ಮಾಡಬಹುದು, ಬಾಡಿಗೆ ಮನೆಯಲ್ಲಿ ಆಗದು. ಹಾಗಾಗಿ ಉಳಿಸಿದ 54,632ಕ್ಕೆ ಹೊಸದಾಗಿ ತೆರಿಗೆಯೂ ಬೀಳುವುದಿಲ್ಲ. ಪೂರ್ತಿ ನಿಮ್ಮ ಕೈಗೆ.

ಈ ಮೊತ್ತ ಒಂದು ಮನೆಯ ಮೂರು ತಿಂಗಳ ಬಾಡಿಗೆಗೆ ಸಮ. ಅಂದರೆ ನೀವು ನೋಡಿಕೊಳ್ಳುವಾಗ ಐದೂ ಮನೆ ಸೇರಿ ವರ್ಷದಲ್ಲಿ ಮೂರು ತಿಂಗಳು ಹೆಚ್ಚಿಗೆ ಖಾಲಿ ಬಿದ್ದರೆ ಕಂಪನಿಯೇ ವಾಸಿ ಎಂದಾಯಿತು. ಕಂಪನಿ ಪರವಾಗಿ ಇರುವ ಗಟ್ಟಿಯಾದ ವಾದ ಇದೊಂದೇ, ಇದನ್ನು ಒಪ್ಪುತ್ತೇನೆ. ಆದರೆ ಮನೆ ಖಾಲಿ ಬೀಳುವುದು ಹೆಚ್ಚಿನ ಸಲ ಗಿರಾಕಿ ಸಿಗದೆ ಅಲ್ಲ, ಕೆಲಸದ ಕ್ರಮ ತಪ್ಪಿ. ಬಾಡಿಗೆದಾರರು ಬಿಡುತ್ತೇವೆಂದು ನೋಟಿಸ್ ಕೊಟ್ಟ ದಿನವೇ ಬೋರ್ಡ್ ಹಾಕಿ, ಅವರು ಇರುವಾಗಲೇ ಮನೆ ತೋರಿಸಬೇಕು. ಹಾಗೆ ತೋರಿಸಲು ಒಪ್ಪಿಗೆಯನ್ನು ಕರಾರಿನಲ್ಲೇ ಬರೆಸಿಕೊಂಡಿರಬೇಕು. ಖಾಲಿ ಮಾಡಿದ ಮರುದಿನ ಮೊದಲು ಪ್ಲಂಬರ್, ಆಮೇಲೆ ಎಲೆಕ್ಟ್ರಿಷಿಯನ್, ಆಮೇಲೆ ಪೇಂಟರ್, ಕೊನೆಗೆ ತೊಳೆಯುವವರು. ಪೇಂಟರ್ ಮೊದಲು ಬಂದರೆ ಪ್ಲಂಬರ್ ಗೋಡೆ ಒಡೆದು ಹೋದ ಮೇಲೆ ಪೇಂಟರ್ ಮತ್ತೆ ಬರಬೇಕು, ಹತ್ತು ದಿನದ ಕೆಲಸ ತಿಂಗಳಾಗುತ್ತದೆ. ಒಂದು ಮನೆ ಖಾಲಿ ಬಿದ್ದರೆ ತಿಂಗಳಿಗೆ ನಿಮಗೆ 18,000 ನಷ್ಟ, ಕಂಪನಿಗೆ 1,440. ಅಲ್ಲದೆ ಹೊಸಬರು ಬಂದಾಗ ಕಂಪನಿಗೆ 9,000 ಸಿಗುತ್ತದೆ. ಹಳಬರನ್ನು ಉಳಿಸಿಕೊಳ್ಳುವ ತುರ್ತು ಯಾರಿಗೆ ಇರುತ್ತದೆ ಹೇಳಿ!

ಹಣಕ್ಕಿಂತ ನನಗೆ ಹೆಚ್ಚು ಕಾಡುವುದು ಕಟ್ಟಡದ ಆರೋಗ್ಯ. ದೂರದಿಂದ ನೋಡಿಕೊಳ್ಳುವ ಮನೆಗಳಲ್ಲಿ ಪದೇ ಪದೇ ಕಾಣುವ ರೋಗವೆಂದರೆ ಮೇಲಿನ ಮನೆಯ ಬಚ್ಚಲಿನಿಂದ ಕೆಳಗಿನ ಮನೆಯ ಚಾವಣಿಗೆ ತೇವ ಇಳಿಯುವುದು. ಕೆಳಗಿನವರು ಆ್ಯಪ್‌ನಲ್ಲಿ ದೂರು ಹಾಕುತ್ತಾರೆ. ಕಂಪನಿ ಪೇಂಟರನ್ನು ಕಳಿಸುತ್ತದೆ. ಅವನು ಉಬ್ಬಿದ ಪುಟ್ಟಿ ಕೆರೆದು, ವಾಟರ್‌ಪ್ರೂಫ್ ಪ್ರೈಮರ್ ಬಳಿದು, ಬಣ್ಣ ಹೊಡೆದು ಹೋಗುತ್ತಾನೆ. ದೂರು ಮುಗಿಯಿತು, ಬಿಲ್ ಬಂತು. ನಾಲ್ಕು ತಿಂಗಳಿಗೆ ಅದೇ ಜಾಗ ಮತ್ತೆ ಉಬ್ಬುತ್ತದೆ. ಹೀಗೆ ಎರಡು ವರ್ಷ ನಡೆದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಸಿಮೆಂಟ್ ಹೆಕ್ಕಳಿಕೆ ಏಳುತ್ತದೆ, ಆಗ ಖರ್ಚು ಸಾವಿರಗಳಲ್ಲಿ ನಿಲ್ಲುವುದಿಲ್ಲ.

ಇದನ್ನು ಕಂಡುಹಿಡಿಯಲು ಇಂಜಿನಿಯರ್ ಬೇಕಿಲ್ಲ. ಮೇಲಿನ ಬಚ್ಚಲಿನಲ್ಲಿ ನೀರು ಹೋಗುವ ತೂತನ್ನು, ಅಂದರೆ ನಹನಿ ಟ್ರ್ಯಾಪನ್ನು, ಪ್ಲಾಸ್ಟಿಕ್ ಹಾಳೆ ಸುತ್ತಿದ ಬಟ್ಟೆಯಿಂದ ಬಿಗಿಯಾಗಿ ಮುಚ್ಚಿ. ನೆಲದ ಮೇಲೆ ಒಂದು ಅಂಗುಲ ನೀರು ನಿಲ್ಲಿಸಿ, ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆದು 24 ಗಂಟೆ ಬಿಡಿ. ಗೆರೆಗಿಂತ ನೀರು ಚೆನ್ನಾಗಿ ಇಳಿದು ಕೆಳಗೆ ತೇವ ಹೆಚ್ಚಾದರೆ ಟೈಲ್ಸ್ ಸಂದಿಯದೋ ನೆಲದ್ದೋ ದೋಷ. ಹಳೇ ಗ್ರೌಟ್ ಕೆರೆದು ಎಪಾಕ್ಸಿ ಗ್ರೌಟ್ ತುಂಬಿಸಿ ಮತ್ತೆ ಪರೀಕ್ಷಿಸಿ. ಆಗಲೂ ನಿಲ್ಲದಿದ್ದರೆ ಮಾತ್ರ ನೆಲ ಅಗೆಸುವ ಮಾತು. ನಿಲ್ಲಿಸಿದ ನೀರು ಹಾಗೆಯೇ ಇದ್ದು, ಬಟ್ಟೆ ತೆಗೆದು ನೀರು ಬಿಟ್ಟಾಗ ಕೆಳಗೆ ಒಸರಿದರೆ ಟ್ರ್ಯಾಪ್ ಪೈಪಿಗೆ ಸೇರುವ ಜಾಯಿಂಟ್ ಬಿಟ್ಟಿದೆ. ಎರಡೂ ಅಲ್ಲದೆ, ಯಾರೂ ಬಚ್ಚಲು ಬಳಸದಿದ್ದರೂ ತೇವ ಬೆಳೆಯುತ್ತಿದ್ದರೆ ಗೋಡೆಯೊಳಗಿನ ನೀರಿನ ಪೈಪು ಸೋರುತ್ತಿದೆ. ತಾರಸಿಯ ಟ್ಯಾಂಕಿನಿಂದ ಆ ಲೈನಿಗೆ ಬರುವ ವಾಲ್ವ್ ಕೆಲವು ದಿನ ಮುಚ್ಚಿದರೆ ಖಾತ್ರಿಯಾಗುತ್ತದೆ. ಈ ಪರೀಕ್ಷೆಗೆ ಬೇಕಾದ್ದು ಒಂದು ದಿನದ ತಾಳ್ಮೆ ಮತ್ತು ಮೇಲಿನ ಮನೆಯವರ ಸಹಕಾರ. ನೂರಾರು ಮನೆ ಇಟ್ಟುಕೊಂಡ ಕಂಪನಿಯ ಹುಡುಗನಿಗೆ ಆ ಒಂದು ದಿನ ಇರುವುದಿಲ್ಲ, ಅದು ಅವನ ತಪ್ಪೂ ಅಲ್ಲ.

ಹಾಗೆಂದು ಕಂಪನಿ ಯಾರಿಗೂ ಬೇಡ ಎನ್ನಲಾರೆ. ವಿದೇಶದಲ್ಲಿರುವವರ ಮಾತು ಬೇರೆ. ಮಾಲೀಕರು ಅನಿವಾಸಿಯಾಗಿದ್ದರೆ ಬಾಡಿಗೆ ಎಷ್ಟೇ ಇರಲಿ, ಕೊಡುವಾಗಲೇ ಬಾಡಿಗೆದಾರರು ಸುಮಾರು ಶೇ 31ರಷ್ಟು ತೆರಿಗೆ ಹಿಡಿದು ಕಟ್ಟಬೇಕು. ಇಂಥ ಕಾಗದದ ಕೆಲಸಕ್ಕೆ ಇಲ್ಲೊಬ್ಬರು ಇರಲೇಬೇಕು. ನಿಮಗೆ ಆರೋಗ್ಯ ಕೈಕೊಟ್ಟರೂ ಅಷ್ಟೇ. ಅಂಥ ದಿನ ಬಂದರೆ ಒಪ್ಪಂದದಲ್ಲಿ ಮೂರು ಮಾತು ಇರಲಿ. ಬಾಡಿಗೆ ಮತ್ತು ಅಡ್ವಾನ್ಸ್ ನೇರ ನಿಮ್ಮ ಖಾತೆಗೆ ಬರಬೇಕು, ಶುಲ್ಕಕ್ಕೆ ಅವರು ನಿಮಗೆ ಬಿಲ್ ಕಳಿಸಲಿ. 3,000 ರೂಪಾಯಿ ಮೀರಿದ ಯಾವ ರಿಪೇರಿಯೂ ಫೋಟೋ ಮತ್ತು ನಿಮ್ಮ ಒಪ್ಪಿಗೆ ಇಲ್ಲದೆ ಆಗಬಾರದು. ನಿಮ್ಮ ಹೆಸರಿನಲ್ಲಿ ಮನೆಯನ್ನು ಭೋಗ್ಯಕ್ಕೆ ಕೊಡುವ ಅಧಿಕಾರ ಅವರಿಗೆ ಇಲ್ಲವೆಂದು ಬರೆದಿರಬೇಕು. ಮಾಲೀಕರಿಗೆ ತಿಂಗಳ ಬಾಡಿಗೆ ಕೊಡುತ್ತೇವೆಂದು ಮನೆ ಹಿಡಿದು, ಇನ್ನೊಂದು ಕಡೆ ಅದೇ ಮನೆಯನ್ನು ಲಕ್ಷಾಂತರಕ್ಕೆ ಭೋಗ್ಯಕ್ಕೆ ಕೊಟ್ಟು, ನಾಲ್ಕು ತಿಂಗಳು ಬಾಡಿಗೆ ಕಟ್ಟಿ ಕಚೇರಿಗೆ ಬೀಗ ಹಾಕಿಕೊಂಡು ಹೋದ ಪ್ರಕರಣಗಳು ಬೆಂಗಳೂರಿನ ಪೊಲೀಸ್ ಠಾಣೆಗಳಿಗೆ ಬಂದಿವೆ. ಅಲ್ಲಿ ಭೋಗ್ಯದ ದುಡ್ಡು ಕೊಟ್ಟ ಕುಟುಂಬವೂ ಮಾಲೀಕರೂ ಎದುರುಬದುರು ನಿಂತು ಜಗಳವಾಡಬೇಕಾಗುತ್ತದೆ, ಇಬ್ಬರೂ ಮೋಸ ಹೋದವರೇ.

ಅಡ್ವಾನ್ಸ್ ಮಾತು ಬಂತಲ್ಲ, ನಮ್ಮ ಮನೆ ಮಾಲೀಕರ ಮೇಲೆ ನನಗಿರುವ ಹಳೇ ಸಿಟ್ಟನ್ನೂ ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಎಂದು ಪಡೆಯುವ ರೂಢಿ ಬೆಳೆದು, ಈಗ ಎಷ್ಟೋ ಕಡೆ ಐದಾರಕ್ಕೆ ಇಳಿದಿದೆ. ಕೇಂದ್ರ 2021ರಲ್ಲಿ ರೂಪಿಸಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳು ಮೀರಬಾರದು ಎನ್ನುತ್ತದೆ. ಮಾದರಿ ಕಾಯ್ದೆಯಾದ್ದರಿಂದ ರಾಜ್ಯ ಅಳವಡಿಸಿಕೊಂಡರೆ ಮಾತ್ರ ಅದಕ್ಕೆ ಬಲ. ಎಷ್ಟಾದರೂ ಪಡೆಯಿರಿ, ಅದು ಇನ್ನೊಬ್ಬರ ದುಡ್ಡು. ಆದರೆ ಅದೇ ದುಡ್ಡಲ್ಲಿ ಮೇಲಿನ ಮಹಡಿ ಎಬ್ಬಿಸಿ, ಬಾಡಿಗೆದಾರರು ಹೊರಟಾಗ "ಮುಂದಿನವರು ಬರಲಿ, ಅವರದ್ದು ಬಂದ ಮೇಲೆ ಕೊಡುತ್ತೇನೆ" ಎನ್ನುವವರು ಬೀದಿಗೊಬ್ಬರಿದ್ದಾರೆ. ಒಂದು ತಿಂಗಳ ಬಾಡಿಗೆಯನ್ನು ಪೇಂಟಿಗೆಂದು ಹಿಡಿದುಕೊಂಡು, ಪೇಂಟ್ ಹೊಡೆಸದೆ ಮುಂದಿನವರಿಗೆ ಹಾಗೆಯೇ ಕೊಡುವವರೂ ಇದ್ದಾರೆ. ಹೊರಡುವ ಕುಟುಂಬ ಹೊಸ ಮನೆಗೆ ಅಡ್ವಾನ್ಸ್ ಕಟ್ಟಲು ಸಾಲ ಮಾಡುತ್ತದೆ. ಇದು ಅನ್ಯಾಯ, ಬೇರೆ ಮಾತಿಲ್ಲ. ಇಂಥವರು ಕಂಪನಿಗೆ ಕೊಟ್ಟರೂ ಒಂದೇ, ಸ್ವಂತ ನೋಡಿಕೊಂಡರೂ ಒಂದೇ.

ನೀವು ಹಾಗಲ್ಲ ಎಂದು ನಿಮ್ಮ ಕಾಗದದ ಧಾಟಿಯೇ ಹೇಳುತ್ತದೆ. ಐದು ಮನೆಯ ಅಡ್ವಾನ್ಸನ್ನು ಐದು ಬೇರೆ ಬೇರೆ ಎಫ್‌ಡಿಯಲ್ಲಿ ಇಡಿ, ಬೇಕಾದ ದಿನ ಒಂದನ್ನೇ ಮುರಿಸಬಹುದು. ಪ್ರತಿ ಮನೆಗೂ ಒಂದು ನೋಟ್‌ಬುಕ್ ಮಾಡಿ. ಅದರಲ್ಲಿ ಬೆಸ್ಕಾಂ ಆರ್‌ಆರ್ ನಂಬರ್, ಬಂದ ದಿನದ ಮತ್ತು ಹೋದ ದಿನದ ಮೀಟರ್ ರೀಡಿಂಗ್, ಪ್ರತಿ ಗೋಡೆಯ ಮತ್ತು ಸಿಂಕಿನ ಅಡಿಯ ಫೋಟೋ, ಮಾಡಿಸಿದ ರಿಪೇರಿಯ ತಾರೀಖು ಇರಲಿ. ಕರೆಂಟ್ ಸಂಪರ್ಕ ನಿಮ್ಮ ಹೆಸರಿನಲ್ಲಿರುವುದರಿಂದ ಹೋದವರು ಬಿಟ್ಟ ಬಾಕಿ ನಿಮ್ಮ ತಲೆಗೇ ಬರುತ್ತದೆ, ಆದ್ದರಿಂದ ಕೊನೆಯ ಬಿಲ್ ನೋಡದೆ ಅಡ್ವಾನ್ಸ್ ಬಿಡಬೇಡಿ. ಕರಾರು 11 ತಿಂಗಳದ್ದಿರಲಿ. ವರ್ಷ ಮೀರಿದ್ದನ್ನು ನೋಂದಣಿ ಮಾಡಿಸಲೇಬೇಕು.

ನಿಮ್ಮ ತಮ್ಮ ಊರು ಬಿಡುವ ಮೊದಲು ಅವನ ಜೊತೆ ಒಂದು ದಿನ ಆ ಕಟ್ಟಡದಲ್ಲಿ ಸುತ್ತಾಡಿ ಎನ್ನುತ್ತಿದ್ದೆ, ಅವನಾಗಲೇ ಹೊರಟಾಗಿದೆ. ಆದರೂ ಫೋನ್ ಹಾಗೆಯೇ ಇದೆಯಲ್ಲ. ಯಾವ ವಾಲ್ವ್ ಯಾವ ಮನೆಯದು, ಬೋರ್‌ವೆಲ್ ಸ್ಟಾರ್ಟರ್ ಎಲ್ಲಿದೆ, ಯಾವ ಪ್ಲಂಬರ್ ಕರೆದರೆ ಬರುತ್ತಾನೆ, ಯಾರ ಮನೆಯ ಬಾಡಿಗೆ ಯಾವ ತಾರೀಖಿಗೆ ಬರುತ್ತದೆ, ಇಷ್ಟನ್ನು ಕೇಳಿ ಬರೆದುಕೊಳ್ಳಿ. ಮುಂದಿನ ಸಲ ನಾಗರಬಾವಿಗೆ ಹೋದಾಗ ತಾರಸಿ ಹತ್ತಿ ಪ್ರತಿ ವಾಲ್ವ್‌ಗೂ ಮನೆ ನಂಬರಿನ ಚೀಟಿ ಕಟ್ಟಿಸಿ. ಮಗನಿಗೆ ಮೇಲಿನ ಲೆಕ್ಕ ತೋರಿಸಿ, ಒಂದು ವರ್ಷದ ಕೊನೆಗೆ ಖಾಲಿ ಬಿದ್ದ ತಿಂಗಳುಗಳನ್ನು ಎಣಿಸಿ ನೋಡೋಣ ಎಂದು ಹೇಳಿ. ಮೂರು ದಾಟಿದ್ದರೆ ಆಗ ಕಂಪನಿಯವರಿಗೆ ಫೋನ್ ಮಾಡಿ.

— ಸಂ.