ಸುಗಂಧ ಪರೀಕ್ಷಕಿಯಾಗಬಯಸಿದ ಯುವತಿ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗಬಾರದೆಂದು ಹೆಸರು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿದ್ದ 23 ವರ್ಷದ ಶ್ಯಾಮಲಾ, ಚಿಕ್ಕಬಳ್ಳಾಪುರದ ಹತ್ತಿರ ಗುಲಾಬಿ ಬೆಳೆಯುವ ತಂದೆಯೊಡನೆ ತುಮಕೂರಿನ ನನ್ನ ಸಲಹಾ ಕೊಠಡಿಗೆ ಬಂದಿದ್ದಳು. "ಮೇಡಂ, ಇವಳ ಮೂಗು ಬಲು ಚುರುಕು. ಹಾಲು ಕೆಡುವ ಮುಂಚೆಯೇ ಹೇಳಿಬಿಡ್ತಾಳೆ," ಎಂದರು ತಂದೆ. ಮೂರು ತಿಂಗಳಲ್ಲಿ ಸುಗಂಧ ತಜ್ಞರನ್ನಾಗಿ ಮಾಡುತ್ತೇವೆಂದು ಹೇಳುವ ದುಬಾರಿ ಕೋರ್ಸೊಂದಕ್ಕೆ ಸಾಲ ಮಾಡಬೇಕೇ ಎಂಬುದು ಅವರ ಪ್ರಶ್ನೆಯಾಗಿತ್ತು.

ಈ ವೃತ್ತಿಗೆ ಬರುವ ಮೊದಲು ನಾನು ಹಲವು ವರ್ಷ, ಬೇರೆ ಬೇರೆ ಸುಗಂಧ ವಸ್ತುಗಳನ್ನು ಬೆರೆಸಿ ಮಾಡುವ ಸುಗಂಧ ಸಂಯುಕ್ತಗಳ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವಳಾದ್ದರಿಂದ, ಮಾತಿಗೆ ಮೊದಲು ಒಂದು ಪರೀಕ್ಷೆ ಕೊಟ್ಟೆ. ವಾಸನೆ ನೋಡಲು ಬಳಸುವ ಮೂರು ಬ್ಲಾಟರ್ ಕಾಗದದ ಪಟ್ಟಿಗಳಲ್ಲಿ ಎರಡಕ್ಕೆ ಒಂದೇ ವಾಸನೆ, ಒಂದಕ್ಕೆ ಅದಕ್ಕೆ ಹತ್ತಿರದ ಬೇರೆ ವಾಸನೆ, ಬೇರೆಯದನ್ನು ಗುರುತಿಸಬೇಕು. ಇಂಥ 12 ಸುತ್ತುಗಳಲ್ಲಿ ಬರೀ ಊಹೆಯಿಂದಲೇ ಸರಾಸರಿ 4 ಸರಿಯಾಗುತ್ತವೆ. ಕನಿಷ್ಠ 8 ಬಂದರೆ ಮಾತ್ರ ಮೂಗು ನಿಜವಾಗಿ ಭೇದ ಹಿಡಿಯುತ್ತಿದೆ ಎಂದು ನಂಬಬಹುದು. ಶ್ಯಾಮಲಾಗೆ 5 ಬಂದವು. ಅವಳ ಮುಖ ಬಾಡಿತು. ಆದರೆ ಹೊಸಬರಲ್ಲಿ ಇದು ಸಹಜ. ಹಾಲು ಕೆಟ್ಟದ್ದನ್ನು ಹಿಡಿಯುವುದಕ್ಕೆ ಸೂಕ್ಷ್ಮತೆ ಸಾಕು. ಸುಗಂಧವನ್ನು ಮೂಸಿ ತೀರ್ಮಾನ ಹೇಳುವ ಪರೀಕ್ಷಕರಿಗೆ ಬೇಕಾದದ್ದು ವಾಸನೆಯ ನೆನಪು ಮತ್ತು ಅದನ್ನು ಹೇಳುವ ಮಾತು, ಇವೆರಡೂ ವರ್ಷಗಟ್ಟಲೆ ಅಭ್ಯಾಸದಿಂದಲೇ ಬರುತ್ತವೆ.

ಕೋರ್ಸಿಗೆ ಸಾಲ ಬೇಡವೆಂದು ಸ್ಪಷ್ಟವಾಗಿ ಹೇಳಿ, ಆರು ತಿಂಗಳ ಅಭ್ಯಾಸವನ್ನು ಬರೆದುಕೊಟ್ಟೆ. ಹತ್ತು ಸುಗಂಧ ವಸ್ತುಗಳನ್ನು ತಂದು, ಪ್ರತಿಯೊಂದನ್ನೂ ಒಂದು ಗ್ರಾಮಿಗೆ ಒಂಬತ್ತು ಗ್ರಾಂ ವಾಸನೆಯಿಲ್ಲದ ದ್ರಾವಕ ಸೇರಿಸಿ ತೆಳುಮಾಡಬೇಕು, ಏಕೆಂದರೆ ಗಟ್ಟಿ ವಾಸನೆ ಮೂಗನ್ನು ಬೇಗ ಮರಗಟ್ಟಿಸುತ್ತದೆ. ಪಟ್ಟಿಯ ತುದಿಯನ್ನು ಒಂದು ಸೆಂಟಿಮೀಟರ್ ಅದ್ದಿ, ಹೆಸರು ಮತ್ತು ಸಮಯವನ್ನು ಪೆನ್ಸಿಲಿನಿಂದಲೇ ಬರೆಯಬೇಕು, ಶಾಯಿಗೂ ವಾಸನೆ ಇರುತ್ತದೆ. ಅದನ್ನು ಮೂಗಿಗೆ ತಾಗಿಸದೆ ಆಗಲೇ ಒಮ್ಮೆ, ಗಂಟೆಯ ನಂತರ ಒಮ್ಮೆ, ಮರುದಿನ ಬೆಳಿಗ್ಗೆ ಒಮ್ಮೆ ಮೂಸಿ ತನ್ನದೇ ಮಾತಿನಲ್ಲಿ ಬರೆಯಬೇಕು. ನಿಂಬೆಯಂಥ ವಾಸನೆ ಬೇಗನೆ ಹಾರಿಹೋಗುತ್ತದೆ, ವೆನಿಲ್ಲಾದ ವಾಸನೆ ಕೊಡುವ ವೆನಿಲಿನ್ ಮರುದಿನವೂ ಉಳಿಯುತ್ತದೆ. ಈ ಕಾಲಭೇದವೇ ಮೊದಲ ಪಾಠ.

ಮೊದಲು ಲವಂಗದ ಯೂಜಿನಾಲ್ ಮತ್ತು ನಿಂಬೆಯಂಥ ದೂರದ ಜೋಡಿಗಳು, ಆಮೇಲೆ ಒಂದೇ ಮನೆತನದವು. ಗುಲಾಬಿಯ ವಾಸನೆಯಲ್ಲಿರುವ ಫಿನೈಲ್ ಈಥೈಲ್ ಆಲ್ಕೋಹಾಲ್, ಜೆರೇನಿಯಾಲ್, ಸಿಟ್ರೊನೆಲ್ಲಾಲ್ ಮೂರನ್ನೂ ಅವಳು ಬರೀ 'ಗುಲಾಬಿ' ಎಂದೇ ಬರೆದಿದ್ದಳು. ಅಪ್ಪನ ತೋಟದ ಹುಡುಗಿಗೆ ಆ ಪದವೇ ಅಡ್ಡಿಯಾಗಿತ್ತು. ಆ ಪದ ಬಳಸದೆ ಬರೆಯಲು ಹೇಳಿದಾಗ, ಎರಡು ವಾರ ಬಿಟ್ಟು ಬಂದ ಟಿಪ್ಪಣಿಯಲ್ಲಿ ಮೊದಲನೆಯದು 'ಮದುವೆ ಮನೆಯಲ್ಲಿ ಚಿಮುಕಿಸುವ ಪನ್ನೀರು, ಮೆತ್ತಗೆ', ಎರಡನೆಯದು 'ಹಸಿರು ಎಲೆ ಹಿಸುಕಿದಂತೆ, ಚೂಪು', ಮೂರನೆಯದು 'ಮೇಣ ಸವರಿದ ದಳ' ಎಂದಾಗಿತ್ತು. ನನಗೆ ಬಹಳ ಸಂತೋಷ ತಂದ ಪುಟ ಅದು.

ನಾಲ್ಕನೆಯ ತಿಂಗಳು ಅವಳು ಅಳುತ್ತಾ ಫೋನ್ ಮಾಡಿದಳು. ಗ್ಯಾಲಕ್ಸೊಲೈಡ್ ಎಂಬ ಕಸ್ತೂರಿ ಬಗೆಯ ವಸ್ತುವಿನ ಪಟ್ಟಿ ಅವಳಿಗೆ ಖಾಲಿ ಕಾಗದದಂತಿತ್ತು, ಅಣ್ಣನಿಗೆ ಮಾತ್ರ ಚೆನ್ನಾಗಿ ತಿಳಿಯುತ್ತಿತ್ತು. ಒಂದೊಂದು ಕಸ್ತೂರಿ ವಸ್ತು ಅನೇಕರಿಗೆ ತಿಳಿಯುವುದೇ ಇಲ್ಲ, ಅದು ಹುಟ್ಟಿನಿಂದ ಬಂದದ್ದಿರಬಹುದು. ವೃತ್ತಿಯಲ್ಲಿರುವವರಿಗೂ ಹೀಗೆ ಇರುತ್ತದೆ. ಯಾವುದು ತನಗೆ ಕಾಣುವುದಿಲ್ಲ ಎಂದು ಬರೆದಿಟ್ಟು, ಅಂಥ ಮಾದರಿ ಬಂದಾಗ ಪಕ್ಕದವರ ಮೂಗನ್ನು ಕೇಳುವುದು ಸರಿಯಾದ ಕ್ರಮ. ಆದರೆ ನೆಗಡಿಯ ನಂತರ ಎಲ್ಲ ವಾಸನೆಯೂ ಮಂಕಾಗಿ ವಾರಗಟ್ಟಲೆ ಹಾಗೆಯೇ ಉಳಿದರೆ ಅದು ಬೇರೆ ವಿಷಯ, ಕಿವಿ-ಮೂಗು-ಗಂಟಲು ವೈದ್ಯರನ್ನು ಕಾಣಬೇಕು.

ಆರು ತಿಂಗಳಿಗೆ ಅದೇ ಪರೀಕ್ಷೆಯಲ್ಲಿ 9 ಬಂದಾಗ ಉದ್ಯೋಗದ ಮಾತೆತ್ತಿದೆವು. ಪರೀಕ್ಷಕರು ಸುಗಂಧವನ್ನು ರಚಿಸುವವರಲ್ಲ; ಗ್ರಾಹಕ ಕಂಪನಿ ಕೇಳಿದ್ದಕ್ಕೂ ಸುಗಂಧ ರಚನಕಾರರು ಕೊಟ್ಟದ್ದಕ್ಕೂ ತಾಳೆ ಇದೆಯೇ ಎಂದು ಸೋಪಿನಲ್ಲಿ, ಎಣ್ಣೆಯಲ್ಲಿ, ಊದುಬತ್ತಿಯಲ್ಲಿ ಹಾಕಿ ನೋಡಿ ಹೇಳುವವರು. ಆ ಹುದ್ದೆಗೆ ಹೊಸಬರನ್ನು ನೇರವಾಗಿ ತೆಗೆದುಕೊಳ್ಳುವುದು ವಿರಳ. ಆದ್ದರಿಂದ ಬೆಂಗಳೂರು ಅಥವಾ ಮೈಸೂರಿನ ಕಂಪನಿಗಳಲ್ಲಿ ಸಂಯುಕ್ತ ತೂಗುವ ಅಥವಾ ಗುಣಮಟ್ಟ ಪರೀಕ್ಷಿಸುವ ಪ್ರಯೋಗಾಲಯ ಸಹಾಯಕಿಯಾಗಿ ಸೇರಿ, ಎರಡು-ಮೂರು ವರ್ಷ ದಿನವೂ ನೂರಾರು ಬಾಟಲಿ ಮೂಸುವ ಅವಕಾಶವನ್ನು ಬಳಸಿಕೊಳ್ಳಲು ಹೇಳಿದೆ. ಆಮೇಲೆ ಕಿರಿಯ ಪರೀಕ್ಷಕಿ. ಒಬ್ಬಳೇ ತೀರ್ಮಾನ ಕೊಡುವ ಹಂತಕ್ಕೆ ನಾನು ಕಂಡಂತೆ ಇನ್ನೂ ನಾಲ್ಕೈದು ವರ್ಷ ಬೇಕು. ಮೊದಲ ವರ್ಷಗಳ ಸಂಬಳ ಸಾಧಾರಣ ಪ್ರಯೋಗಾಲಯದ ಸಂಬಳವೇ ಎಂದು ತಂದೆಗೂ ಹೇಳಿದೆ. ಓದಲೇಬೇಕೆನಿಸಿದರೆ, 1991ರಲ್ಲಿ ಕನ್ನೌಜಿನಲ್ಲಿ ಸ್ಥಾಪನೆಯಾದ ಕೇಂದ್ರ ಸರ್ಕಾರದ ಸುಗಂಧ ಮತ್ತು ಸ್ವಾದ ಅಭಿವೃದ್ಧಿ ಕೇಂದ್ರದ ಅಲ್ಪಾವಧಿ ತರಬೇತಿಗಳನ್ನು ಕೆಲಸಕ್ಕೆ ಸೇರಿದ ಮೇಲೆ ವಿಚಾರಿಸಬಹುದೆಂದೆ.

ಈಗ ಅವಳು ಊದುಬತ್ತಿ ಸಂಯುಕ್ತ ತಯಾರಿಸುವ ಕಡೆ ತೂಕದ ಮೇಜಿನಲ್ಲಿದ್ದಾಳೆ. ಕಳೆದ ತಿಂಗಳು ಪಟ್ಟಿಯ ಮೇಲೆ ಎಲ್ಲರೂ ಮೆಚ್ಚಿದ ಮಲ್ಲಿಗೆಯ ಮಾದರಿಯೊಂದನ್ನು ಬತ್ತಿಗೆ ಹಾಕಿ ಮುಚ್ಚಿದ ಕೋಣೆಯಲ್ಲಿ ಉರಿಸಿದರಂತೆ. ಹತ್ತು ನಿಮಿಷ ಹೊರಗಿದ್ದು ಒಳಗೆ ಬಂದಾಗ ಹೂವು ಕಾಣದೆ ಸುಟ್ಟ ಬಿದಿರಿನ ವಾಸನೆ ಮೇಲೆದ್ದಿರುವುದನ್ನು ಅವಳು ಮೊದಲು ಬರೆದಳು, ಹಿರಿಯರು ಆ ಟಿಪ್ಪಣಿಯೊಡನೆ ಮಾದರಿಯನ್ನು ರಚನಕಾರರಿಗೆ ಹಿಂದಿರುಗಿಸಿದರು.