ನಲ್ಲಿ ತೆರೆದಾಗ ಪ್ರೆಶರ್ ಎಲ್ಲಿ ಹೋಗುತ್ತದೆ?

ಪ್ರಶ್ನೆ: ಟ್ಯಾಂಕ್ ದೊಡ್ಡದಿದ್ದರೆ ನಲ್ಲಿಯಲ್ಲಿ ಒತ್ತಡ ಜಾಸ್ತಿ ಬರಬೇಕು ಅಲ್ವಾ? ಎರಡನೇ ನಲ್ಲಿ ತೆರೆದ ಕೂಡಲೇ ನೀರು ಸಣ್ಣಗಾಗುವುದು ಯಾಕೆ?

ಟ್ಯಾಂಕಿನ ಗಾತ್ರಕ್ಕೂ ಒತ್ತಡಕ್ಕೂ ಸಂಬಂಧವಿಲ್ಲ. ನೀರಿನ ಮಟ್ಟ ನಲ್ಲಿಗಿಂತ ಎಷ್ಟು ಎತ್ತರದಲ್ಲಿದೆ ಅನ್ನುವುದಷ್ಟೇ ಲೆಕ್ಕ. 10 ಮೀಟರ್ ಎತ್ತರವಿದ್ದರೆ:

p = ρgh = 1000 × 9.81 × 10 = 98100 Pa

ನಲ್ಲಿ ಮುಚ್ಚಿದ್ದಾಗ ಅಲ್ಲಿ ಗೇಜ್ ಇಟ್ಟರೆ ಸುಮಾರು 98 kPa ತೋರಿಸುತ್ತದೆ. ತೆರೆದರೆ ಮುಳ್ಳು ಇಳಿಯುತ್ತದೆ. ಒತ್ತಡದ ಒಂದು ಪಾಲು ನೀರಿಗೆ ವೇಗ ಕೊಡಲು ಹೋಯಿತು, ಇನ್ನೊಂದು ಪಾಲನ್ನು ಪೈಪಿನ ಘರ್ಷಣೆ ತಿಂದಿತು. ಎರಡನೇ ನಲ್ಲಿಯನ್ನೂ ತೆರೆದರೆ ಎರಡಕ್ಕೂ ಸೇರಿದ ಪೈಪಿನಲ್ಲಿ ಹರಿವು ಹೆಚ್ಚುತ್ತದೆ, ಘರ್ಷಣೆಯ ನಷ್ಟ ಹೆಚ್ಚುಕಡಿಮೆ ವೇಗದ ವರ್ಗದಂತೆ ಏರುತ್ತದೆ. ಹಾಗಾಗಿ ನಲ್ಲಿಗೆ ಉಳಿಯುವುದು ಕಡಿಮೆ. ಘರ್ಷಣೆಯ ನಷ್ಟವನ್ನು ನೀರಿನ ಎತ್ತರವಾಗಿ ಬರೆದರೆ ಅದೇ hf; f ಘರ್ಷಣೆಯ ಗುಣಾಂಕ, L ಪೈಪಿನ ಉದ್ದ, v ನೀರಿನ ವೇಗ, d ಪೈಪಿನ ವ್ಯಾಸ:

hf = 4fLv²/(2gd)

ಈಗ ಪೈಪಿನ ವ್ಯಾಸ ಅರ್ಧ ಮಾಡಿ, ಹರಿವು ಅಷ್ಟೇ ಇರಲಿ. ಅಡ್ಡಕೊಯ್ತದ ವಿಸ್ತೀರ್ಣ ಕಾಲು ಭಾಗ, ವೇಗ 4 ಪಟ್ಟು, v² 16 ಪಟ್ಟು. ಕೆಳಗಿನ d ಅರ್ಧವಾದದ್ದೂ ಸೇರಿ ನಷ್ಟ 32 ಪಟ್ಟು! (f ಬದಲಾಗಿಲ್ಲ ಅಂದುಕೊಂಡರೆ.) ಪರೀಕ್ಷೆಯಲ್ಲಿ ತುಂಬಾ ಜನ ಸುಮ್ನೆ 4 ಪಟ್ಟು ಎಂದು ಬರೆದು ಬರುತ್ತಾರೆ.

ತೇಲುವಿಕೆಯೂ ಅದೇ ಟ್ಯಾಂಕಿನಲ್ಲಿದೆ: ಫ್ಲೋಟ್ ವಾಲ್ವಿನ ಚೆಂಡು. ಆಳ ಹೆಚ್ಚಾದಂತೆ ಒತ್ತಡ ಹೆಚ್ಚುವುದರಿಂದ ನೀರು ಚೆಂಡನ್ನು ಕೆಳಗಿನಿಂದ ಮೇಲಕ್ಕೆ ತಳ್ಳುತ್ತದೆ. ಆ ಬಲ ಚೆಂಡು ಪಕ್ಕಕ್ಕೆ ಸರಿಸಿದ ನೀರಿನ ತೂಕಕ್ಕೆ ಸಮ. ಟ್ಯಾಂಕ್ ತುಂಬಿ ಹರಿಯುತ್ತಿದ್ದರೆ ಚೆಂಡನ್ನು ಬಿಚ್ಚಿ ಅಲ್ಲಾಡಿಸಿ ನೋಡಿ. ಒಳಗೆ ನೀರಿನ ಸದ್ದು ಬಂದರೆ ಚೆಂಡು ತೂತಾಗಿದೆ, ಭಾರವಾಗಿ ವಾಲ್ವ್ ಮುಚ್ಚುವಷ್ಟು ಏಳುತ್ತಿಲ್ಲ.