ಕೇಬಲ್ ಹಾಕಿದರೂ ನೆಟ್ ಬೇಕು

"ಹೊಸನಗರದ ಹತ್ತಿರ ಹಳ್ಳಿ, ನೆಟ್ ಸಿಗೋದೇ ಕಷ್ಟ. ಕೇಬಲ್ ಹಾಕಿದ್ರೆ ಹಳೇ ಫೋನಿಂದ ಎಲ್ಲಾ ಹೊಸದಕ್ಕೆ ಬರುತ್ತಾ?"

ಫೋಟೊಗಳು, ಫೋನಿನಲ್ಲೇ ಉಳಿಸಿದ ನಂಬರುಗಳು ಕೇಬಲ್ಲಿನಲ್ಲೇ ಬರುತ್ತವೆ ಸರ್. ಆದರೆ ಗೂಗಲ್ ಖಾತೆಗೆ ಲಾಗಿನ್ ಆಗೋಕೆ ನೆಟ್ ಬೇಕು. ಆಂಡ್ರಾಯ್ಡಿನ ಮಾಮೂಲಿ ಸೆಟಪ್‌ನಲ್ಲಿ ಆಪ್‌ಗಳೂ ಪ್ಲೇ ಸ್ಟೋರ್‌ನಿಂದಲೇ ಹೊಸದಾಗಿ ಇಳಿಯುತ್ತವೆ. ಹಾಗಾಗಿ ಶಿವಮೊಗ್ಗದಲ್ಲಿ ನೆಂಟರ ಮನೆಯ ವೈಫೈನಲ್ಲಿ ಮಾಡಿಕೊಳ್ಳೋದೇ ಒಳ್ಳೆಯದು.

ಎರಡೂ ಫೋನ್ ಚಾರ್ಜ್ ಮಾಡಿ. ಹೊಸ ಫೋನಿನಲ್ಲಿ "Copy apps & data" ಬಂದಾಗ ಕೇಬಲ್ ಚುಚ್ಚಿ, ಹಳೆಯದರ ಲಾಕ್ ತೆಗೆದು ಒಪ್ಪಿಗೆ ಕೊಡಿ. ಕೇಬಲ್ ಹಾಕಿದರೂ ಹಳೇ ಫೋನಿನಲ್ಲಿ ಏನೂ ಕೇಳದಿದ್ದರೆ ಅದು ಬರೀ ಚಾರ್ಜಿಂಗ್ ಕೇಬಲ್ ಇರಬಹುದು, ಬದಲಿಸಿ ನೋಡಿ. ಊರಿಗೆ ಹೊರಡೋ ಮುಂಚೆ ಆಪ್ ಐಕಾನ್‌ಗಳು ಮಸುಕಾಗಿಲ್ಲ ಅಂತ ನೋಡಿ. ಮಸುಕಾಗಿದ್ದರೆ ಇನ್ನೂ ಇಳಿದಿಲ್ಲ. ಬ್ಯಾಂಕ್ ಆಪ್‌ಗಳಿಗೆ ಸಿಮ್ ಹಾಕಿ ಮತ್ತೆ ನೋಂದಣಿ ಮಾಡಬೇಕು. ಅಲ್ಲೀವರೆಗೂ ಹಳೇ ಫೋನ್ ಅಳಿಸಬೇಡಿ.